ಮ್ಯಾಂಡರಿನ್‌ನಲ್ಲಿ ‘ನಿನ್ನ ನೆನಪಾಯ್ತು’ ಅನ್ನುವ ವಾಯ್ಸ್ ಮೆಸೇಜ್: ಅರ್ಥ ಕೆಡದಂತೆ ರೆಕಾರ್ಡ್ ಮಾಡುವುದು ಹೇಗೆ

ಮ್ಯಾಂಡರಿನ್ ಚೀನಿ ಭಾಷೆಯಲ್ಲಿ ‘ವೊ ಶ್ಯಾಂಗ್ ನಿ’ ಎಂದರೆ ‘ನಿನ್ನ ನೆನಪಾಗ್ತಿದೆ’. ಅದೇ ಮೂರು ಅಕ್ಷರಗಳನ್ನೇ ಹೇಳಿ, ನಡುವಿನ ‘ಶ್ಯಾಂಗ್’ ಮೇಲೇರುವ ಬದಲು ಕೆಳಕ್ಕೆ ಜಾರಿದರೆ ‘ನಾನು ನಿನ್ನ ಹಾಗೇ ಇದ್ದೀನಿ’ ಎಂದಾಗುತ್ತದೆ. ವ್ಯಂಜನ ಬದಲಾಗಿಲ್ಲ, ಸ್ವರ ಬದಲಾಗಿಲ್ಲ, ಬದಲಾದದ್ದು ಶ್ರುತಿಯೊಂದೇ.

ಕನ್ನಡ ಮಾತಾಡುವವರಿಗೆ ಇದರಲ್ಲಿ ಒಂದು ವಿಶೇಷ ತೊಡಕಿದೆ. ನಮ್ಮಲ್ಲಿ ಶ್ರುತಿಯ ಏರಿಳಿತ ಭಾವಕ್ಕೆ ಸೇರಿದ್ದು. ‘ಬಾ’ ಎನ್ನುವುದನ್ನು ಗದರಿ ಹೇಳಿದರೂ ಮುದ್ದಾಗಿ ಎಳೆದರೂ ಪದ ‘ಬಾ’ ಆಗಿಯೇ ಉಳಿಯುತ್ತದೆ. ಮ್ಯಾಂಡರಿನ್‌ನಲ್ಲಿ ಶ್ರುತಿ ಪದದ ಸ್ವತ್ತು, ಅದನ್ನೇ ಟೋನ್ ಎನ್ನುತ್ತಾರೆ. ಹಾಗಾಗಿ ಪ್ರೀತಿಯ ಮಾತಿಗೆ ಪ್ರೀತಿಯೇ ಅಡ್ಡ ಬರುತ್ತದೆ: ಮುದ್ದಿನಿಂದ ಕೊನೆಯ ಅಕ್ಷರವನ್ನು ಮೇಲಕ್ಕೆಳೆದ ತಕ್ಷಣ ಅದು ಬೇರೆ ಪದವಾಗಿಬಿಡುತ್ತದೆ. ಬೆಲೆ ಪಟ್ಟಿಯನ್ನು ಸರಿಯಾಗಿ ಓದುವ ಕಲಿಕೆಗಾರರೂ ಸಂಗಾತಿಗೆ ಮೆಸೇಜ್ ಕಳಿಸುವಾಗ ಎಡವುವುದು ಇದೇ ಕಾರಣಕ್ಕೆ. ಈ ಲೇಖನದ ಕೆಲಸ ಇಷ್ಟೇ: ಒಂದು ಪುಟ್ಟ ಮೆಸೇಜನ್ನು ಎತ್ತಿಕೊಂಡು, ಭಾವವನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂದು ನೋಡುತ್ತ ಅದನ್ನು ಕಳಿಸುವವರೆಗೆ ಹೋಗುವುದು.

ಮೊದಲೇ ಖಚಿತಪಡಿಸಿಕೊಳ್ಳಬೇಕಾದ ಸಂಗತಿ ಒಂದಿದೆ. ‘ಚೀನಿ’ ಎಂದು ಜನ ಹೇಳುವುದು ಒಂದೇ ಭಾಷೆಯಲ್ಲ. ನಿಮ್ಮ ಸಂಗಾತಿಯ ಮನೆಮಾತು ಕ್ಯಾಂಟನೀಸ್ ಆಗಿದ್ದರೆ ಅಲ್ಲಿ ಟೋನ್‌ಗಳು ಆರು, ಪದಗಳೂ ಬೇರೆ. ಇಲ್ಲಿರುವ ಯಾವುದೂ ಅದಕ್ಕೆ ಹೊಂದುವುದಿಲ್ಲ. ಕೇಳಿ ತಿಳಿದುಕೊಂಡು ಮುಂದುವರಿಯಿರಿ.

ನಾಲ್ಕು ಟೋನ್, ಅವುಗಳಲ್ಲಿ ಒಂದರ ಬಗ್ಗೆ ಪಾಠದಲ್ಲಿ ಹೇಳದ ಮಾತು

ಭಾಷಾವಿಜ್ಞಾನಿ ಚಾವ್ ಯುಅನ್ ರೆನ್ 1930ರಲ್ಲಿ ಟೋನ್‌ಗಳನ್ನು ಬರೆದಿಡಲು ಒಂದು ಅಳತೆ ಕೊಟ್ಟರು. ನಿಮ್ಮ ಮಾತಿನ ದನಿ ಇಳಿಯುವ ಅತಿ ಕೆಳಗಿನ ಮಟ್ಟ 1, ಆರಾಮವಾಗಿ ಏರುವ ಅತಿ ಮೇಲಿನ ಮಟ್ಟ 5. ಇದರಂತೆ ಒಂದನೇ ಟೋನ್ 55, ಅಂದರೆ ಮೇಲೆಯೇ ಸಮನಾಗಿ ನಿಲ್ಲುವುದು. ಎರಡನೆಯದು 35, ನಡುವಿನಿಂದ ಮೇಲೇರುವುದು. ಯಾರೋ ಹೇಳಿದ್ದು ಕೇಳಿಸದಾಗ ನಾವು ‘ಆಂ?’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ನಾಲ್ಕನೆಯದು 51, ಮೇಲಿನಿಂದ ಥಟ್ಟನೆ ಬೀಳುವುದು, ‘ಸಾಕು!’ ಎಂದು ಗದರುವಾಗಿನ ಇಳಿತ ಅದರಲ್ಲಿದೆ. ಮೂರನೆಯದು 214, ಇಳಿದು ಮತ್ತೆ ಏರುವುದು.

ಈ ಮೂರನೆಯದರಲ್ಲೇ ಗೊಂದಲ. ಪುಸ್ತಕದಲ್ಲಿ ಬರುವ ಬಟ್ಟಲಿನಾಕಾರದ 214, ಪದವನ್ನು ಒಂಟಿಯಾಗಿ ಹೇಳಿದಾಗ ಅಥವಾ ವಾಕ್ಯದ ಕೊನೆಯಲ್ಲಿ ಒತ್ತಿ ಹೇಳಿದಾಗ ಮಾತ್ರ ಪೂರ್ತಿ ಕೇಳಿಸುತ್ತದೆ. ವಾಕ್ಯದ ನಡುವೆ ಅದು 21 ಅಷ್ಟೇ: ಕೆಳಗಿಳಿದು ಕೆಳಗೇ ಉಳಿಯುತ್ತದೆ. ತೈವಾನಿನ ಮಾತಿನಲ್ಲಿ ಕೊನೆಯಲ್ಲೂ ಹೆಚ್ಚಾಗಿ ಏರುವುದಿಲ್ಲ. ಆದ್ದರಿಂದ ಮೂರನೇ ಟೋನ್ ಎಂದರೆ ‘ಕೆಳಗೆ’ ಎಂದಷ್ಟೇ ನೆನಪಿಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ. ಪ್ರತಿ ಅಕ್ಷರದಲ್ಲೂ ಬಟ್ಟಲು ಬರೆಯಲು ಹೋದರೆ ಮಾತು ಜೋಲಿ ಹೊಡೆಯುತ್ತದೆ, ಜೊತೆಗೆ ಆ ಕೊನೆಯ ಏರಿಕೆ ಎರಡನೇ ಟೋನಿನಂತೆ ಕೇಳಿಸುತ್ತದೆ.

ಇನ್ನೊಂದು ನಿಯಮ. ಎರಡು ಮೂರನೇ ಟೋನ್‌ಗಳು ಒಟ್ಟಿಗೆ ಬಂದರೆ ಮೊದಲನೆಯದು ಎರಡನೇ ಟೋನ್ ಆಗುತ್ತದೆ. ನಿಘಂಟು ಇದನ್ನು ಬರೆದು ತೋರಿಸುವುದಿಲ್ಲ, ಮೂಲ ಟೋನನ್ನೇ ಕೊಡುತ್ತದೆ. ಬದಲಾವಣೆಯನ್ನು ಬಾಯಿಯೇ ಮಾಡಿಕೊಳ್ಳಬೇಕು.

ಹೆಜ್ಜೆ 1: ಮಾತನ್ನು ಆರಿಸಿಕೊಳ್ಳುವುದು

ಉದ್ದದ ಪ್ರೇಮಪತ್ರ ಬೇಡ. ನಾಲ್ಕು ತುಣುಕಿನ ಮೆಸೇಜ್ ಸಾಕು: ‘ಮುದ್ದೂ. ನಿನ್ನ ನೆನಪಾಯ್ತು. ಬೇಗ ಮಲ್ಕೋ. ಶುಭರಾತ್ರಿ.’ ನಿಘಂಟಿನ ಆ್ಯಪ್‌ನಲ್ಲಿ ಹುಡುಕುವಾಗ ಟೈಪ್ ಮಾಡಬೇಕಾದ ರೂಪ ಹೀಗಿದೆ. ಅಂಕಿ ಟೋನನ್ನು ಸೂಚಿಸುತ್ತದೆ, 5 ಎಂದರೆ ಸ್ವಂತ ಟೋನ್ ಇಲ್ಲದ ಹಗುರ ಅಕ್ಷರ.

```
bao3bei4
wo3 xiang3 ni3 le5
zao3dian3 shui4 o5
wan3an1
```

ಕನ್ನಡದಲ್ಲಿ: ಪಾವ್‌ಪೇಯ್. ವೊ ಶ್ಯಾಂಗ್ ನಿ ಲ. ತ್ಸಾವ್‌ತಿಯೆನ್ ಷ್ವೇಯ್ ಓ. ವಾನ್‌ಆನ್. ಇಂಗ್ಲಿಷ್ ಅಕ್ಷರ ನೋಡಿ ‘ಬಾವ್‌ಬೇಯ್’ ಎನ್ನಬೇಡಿ. ಅಲ್ಲಿನ b ನಮ್ಮ ‘ಪ’ಕ್ಕೆ, d ನಮ್ಮ ‘ತ’ಕ್ಕೆ ಹತ್ತಿರ. ಶ್ಯಾಂಗ್‌ನ ‘ಶ’ ಮತ್ತು ಷ್ವೇಯ್‌ನ ‘ಷ’ ಬೇರೆ ಬೇರೆ ಎನ್ನುವುದನ್ನು ನಮಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಈ ಎರಡು ವಿಷಯದಲ್ಲಿ ಕನ್ನಡದ ವರ್ಣಮಾಲೆ ರೋಮನ್ ಲಿಪಿಗಿಂತ ಒಳ್ಳೆಯ ಗೆಳೆಯ.

‘ಮುತ್ತು ಕೊಡಬೇಕು ಅನ್ನಿಸ್ತಿದೆ’ ಎಂದು ಸೇರಿಸುವ ಆಸೆ ಯಾರಿಗಾದರೂ ಬರುತ್ತದೆ. ‘ವನ್’ ಎನ್ನುವ ಪದ ಮೂರನೇ ಟೋನಿನಲ್ಲಿ ಮುತ್ತಿಡು, ನಾಲ್ಕನೆಯದರಲ್ಲಿ ಕೇಳು, ಪ್ರಶ್ನಿಸು. ತಪ್ಪಿದರೆ ‘ನಿನ್ನನ್ನೊಂದು ಕೇಳಬೇಕಿತ್ತು’ ಎಂದು ಹೇಳಿ ಏನನ್ನೂ ಕೇಳದೆ ಮೆಸೇಜ್ ಮುಗಿಸಿದಂತಾಗುತ್ತದೆ. ಆ ಕಡೆಯವರು ಪ್ರಶ್ನೆಗೆ ಕಾಯುತ್ತಾರೆ. ಅದರ ಬದಲು ‘ಛಿನ್’ ಎನ್ನುವ ಮಾತು ಬಳಸಿ. ಅದೂ ಮುತ್ತೇ, ದಿನಬಳಕೆಯ ಮಾತು, ಒಂದನೇ ಟೋನ್; ಮೇಲೆ ಸಮನಾಗಿ ಹಿಡಿದರೆ ಮುಗಿಯಿತು. ಪದ ಆರಿಸುವಾಗಲೇ ಇಂಥ ಅಪಾಯ ತಪ್ಪಿಸಿಕೊಳ್ಳುವುದು ಹೇಡಿತನವೇನಲ್ಲ.

ಹೆಜ್ಜೆ 2: ಮಾದರಿ ದನಿ ಹುಡುಕುವುದು

ಅತ್ಯುತ್ತಮ ಮಾದರಿ ಬಹುಶಃ ನಿಮ್ಮ ಫೋನಿನಲ್ಲೇ ಇದೆ. ಸಂಗಾತಿ ಹಿಂದೆ ಕಳಿಸಿದ ವಾಯ್ಸ್ ಮೆಸೇಜ್‌ಗಳಲ್ಲಿ ‘ವಾನ್‌ಆನ್’ ಇದ್ದೇ ಇರುತ್ತದೆ, ‘ತ್ಸಾವ್‌ತಿಯೆನ್ ಷ್ವೇಯ್’ ಕೂಡ ಇರುವ ಸಂಭವ ಹೆಚ್ಚು. ಅವರ ಊರಿನ ಧಾಟಿಯೂ ಅದರಲ್ಲೇ ಸಿಗುತ್ತದೆ. ಸಿಗದಿದ್ದರೆ ಆ ಭಾಷೆಯವರೇ ಆದ ಗೆಳೆಯರ ಬಳಿ ಇಡೀ ವಾಕ್ಯ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಿ. ನಿಘಂಟಿನಿಂದ ಬಿಡಿ ಅಕ್ಷರಗಳ ಧ್ವನಿ ತೆಗೆದು ಮನಸ್ಸಿನಲ್ಲೇ ಜೋಡಿಸಬೇಡಿ: ಅಲ್ಲಿ ಪ್ರತಿಯೊಂದು ‘ವೊ’, ‘ಶ್ಯಾಂಗ್’, ‘ನಿ’ ಪೂರ್ತಿ ಬಟ್ಟಲಿನಾಕಾರದಲ್ಲೇ ಇರುತ್ತದೆ.

ಮಾದರಿಯ ದನಿ ನಿಮ್ಮದಕ್ಕಿಂತ ಎತ್ತರದ್ದಾಗಿದ್ದರೆ ಆ ಎತ್ತರಕ್ಕೆ ಏರಲು ಹೋಗಬೇಡಿ. ಟೋನ್ ಎನ್ನುವುದು ನಿಮ್ಮದೇ ಕೆಳಮಟ್ಟ, ಮೇಲ್ಮಟ್ಟಗಳ ನಡುವಿನ ಚಲನೆ. ಸಂಗೀತ ಕಲಿತವರು ಇಲ್ಲಿ ನಿರ್ದಿಷ್ಟ ಸ್ವರಸ್ಥಾನ ಹುಡುಕಿ ಸುಸ್ತಾಗುತ್ತಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ಜಾರು, ಸ್ಥಾನವಲ್ಲ.

ಹೆಜ್ಜೆ 3: ಒಂದೊಂದು ತುಣುಕನ್ನೂ ಬಾಯಿಗೆ ಹಿಡಿಸುವುದು

ವ್ಯಂಜನಗಳನ್ನೆಲ್ಲ ಬಿಟ್ಟು ‘ಮ್’ ಎಂದು ಗುನುಗುತ್ತ ಶುರು ಮಾಡಿ. ಬಾಯಿ ಮುಚ್ಚಿಕೊಂಡೇ ವಾಕ್ಯದ ಏರಿಳಿತ ಬಂದರೆ ಆಮೇಲೆ ಅಕ್ಷರ ತುಂಬುವುದು ಸುಲಭ.

‘ವೊ ಶ್ಯಾಂಗ್ ನಿ ಲ’: ಮೊದಲ ಮೂರೂ ನಿಘಂಟಿನಲ್ಲಿ ಮೂರನೇ ಟೋನ್. ‘ಶ್ಯಾಂಗ್ ನಿ’ ಒಂದು ಘಟಕವಾದ್ದರಿಂದ ‘ಶ್ಯಾಂಗ್’ ಎರಡನೇ ಟೋನಾಗಿ ಮೇಲೇರುತ್ತದೆ. ‘ವೊ’ ಕೆಳಗೇ ಇರುತ್ತದೆ. ವೇಗವಾಗಿ ಮಾತಾಡುವವರು ‘ವೊ’ವನ್ನೂ ಏರಿಸುವುದುಂಟು, ಅದೂ ತಪ್ಪಲ್ಲ, ಆದರೆ ಕೆಳಗಿನಿಂದ ಹೊರಟರೆ ‘ಶ್ಯಾಂಗ್’ ಏರಿದ್ದು ಸ್ಪಷ್ಟವಾಗಿ ಕೇಳುತ್ತದೆ. ಒಟ್ಟು ಗುನುಗು: ಕೆಳಗೆ, ಏರಿಕೆ, ಕೆಳಗೆ, ಮತ್ತು ಕೊನೆಗೆ ಚಿಕ್ಕದೊಂದು ‘ಲ’.

ಇಲ್ಲಿ ತಪ್ಪಾಗುವ ದಾರಿ ಕುತೂಹಲದ್ದು. ಎಲ್ಲರೂ ಮೊದಲು ಕಲಿಯುವ ವಾಕ್ಯ ‘ವೊ ಆಯ್ ನಿ’, ನಿನ್ನನ್ನು ಪ್ರೀತಿಸ್ತೀನಿ. ಅದರ ‘ಆಯ್’ ನಾಲ್ಕನೇ ಟೋನ್, ಬೀಳುವಂಥದ್ದು. ಅದೇ ಧಾಟಿಯಲ್ಲಿ, ‘ಆಯ್’ ಜಾಗದಲ್ಲಿ ‘ಶ್ಯಾಂಗ್’ ಇಟ್ಟು ಹೇಳಿದರೆ ಅಚ್ಚುಕಟ್ಟಾಗಿ ‘ನಾನು ನಿನ್ನ ಹಾಗೇ ಇದ್ದೀನಿ’ ಬರುತ್ತದೆ. ಬಾಯಿಗೆ ಕೂತ ಪ್ರೀತಿಯ ರಾಗವೇ ಈ ತಪ್ಪನ್ನು ಮಾಡಿಸುತ್ತದೆ. ಹಾಗಾಗಿ ಎರಡೂ ವಾಕ್ಯಗಳನ್ನು ಒಂದರ ಹಿಂದೊಂದು ಹೇಳಿ ಅಭ್ಯಾಸ ಮಾಡಿ. ನಡುವಿನ ಅಕ್ಷರ ಒಂದರಲ್ಲಿ ಬೀಳಬೇಕು, ಇನ್ನೊಂದರಲ್ಲಿ ಏರಬೇಕು. ಎರಡೂ ಒಂದೇ ಥರ ಕೇಳಿಸಿದರೆ ಕೆಲಸ ಬಾಕಿ ಇದೆ ಎಂದರ್ಥ.

‘ನಿ’ಯನ್ನು ಮುದ್ದಿನಿಂದ ‘ನೀ…’ ಎಂದು ಮೇಲಕ್ಕೆ ಎಳೆಯಬೇಡಿ. ಏರುವ ‘ನಿ’ ಎಂದರೆ ಕೆಸರು. ಸಂದರ್ಭ ನೋಡಿ ಯಾರೂ ಹಾಗೆ ಅರ್ಥ ಮಾಡಿಕೊಳ್ಳಲಾರರು, ಆದರೆ ನಗು ಖಂಡಿತ ಬರುತ್ತದೆ. ಕೊನೆಯ ‘ಲ’ವನ್ನು ಬೇಕೆಂದೇ ಇಟ್ಟಿದ್ದೇನೆ. ಮೂರನೇ ಟೋನಿನ ನಂತರ ಬರುವ ಹಗುರ ಅಕ್ಷರ ಸಹಜವಾಗಿಯೇ ಸ್ವಲ್ಪ ಮೇಲೆ ಕೂರುತ್ತದೆ. ಮುದ್ದಿಗೆ ನಿಮಗೆ ಬೇಕಿದ್ದ ಏರಿಕೆ ಅಲ್ಲೇ ಪುಕ್ಕಟೆ ಸಿಗುತ್ತದೆ. ‘ಲ’ ಇಲ್ಲದಿದ್ದರೆ ಆ ಏರಿಕೆ ‘ನಿ’ಯ ಮೇಲೆ ಬಂದು ಕೂರುತ್ತದೆ.

‘ತ್ಸಾವ್‌ತಿಯೆನ್ ಷ್ವೇಯ್ ಓ’: ತ್ಸಾವ್ ಏರುತ್ತದೆ (ಎರಡು ಮೂರನೇ ಟೋನ್‌ಗಳ ನಿಯಮ), ತಿಯೆನ್ ಕೆಳಗೆ, ಷ್ವೇಯ್ ಮೇಲಿನಿಂದ ಬೀಳುತ್ತದೆ. ಕನ್ನಡದಲ್ಲಿ ‘ಬೇಗ ಮಲ್ಕೋ…’ ಎನ್ನುವಾಗ ಕೊನೆಯನ್ನು ಮೃದುವಾಗಿ ಮೇಲಕ್ಕೆತ್ತುತ್ತೇವೆ. ಇಲ್ಲಿ ಎತ್ತಿದರೆ ‘ಷ್ವೇಯ್’ ಎರಡನೇ ಟೋನಾಗಿ ‘ಯಾರು?’ ಎಂದಾಗುತ್ತದೆ, ಬೀಳಲು ಧೈರ್ಯ ಸಾಲದೆ ಕೆಳಗೇ ಗುಡುಗುಟ್ಟಿದರೆ ಮೂರನೇ ಟೋನಾಗಿ ‘ನೀರು’. ಗದರಿದಂತೆ ಕೇಳೀತೆಂಬ ಭಯದಿಂದ ನಮ್ಮವರು ಪ್ರೀತಿಯ ಮಾತಿನಲ್ಲಿ ನಾಲ್ಕನೇ ಟೋನನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಆ ಭಯ ಕನ್ನಡದ ಕಿವಿಯದ್ದು. ಮ್ಯಾಂಡರಿನ್ ಕಿವಿಗೆ ಬೀಳುವ ಷ್ವೇಯ್ ಬರೀ ‘ಮಲಗು’. ಅದರಲ್ಲಿ ಸಿಟ್ಟಿಲ್ಲ. ಮೃದುತ್ವವನ್ನು ‘ಓ’ ನೋಡಿಕೊಳ್ಳುತ್ತದೆ, ವಾಕ್ಯದ ಕೊನೆಗೆ ಬರುವ ಇಂಥ ಪುಟ್ಟ ಅಕ್ಷರಗಳಿರುವುದೇ ಅದಕ್ಕೆ. ಷ್ವೇಯ್ ಪೂರ್ತಿ ಬೀಳಲಿ, ಆಮೇಲೆ ‘ಓ’ವನ್ನು ಎಷ್ಟು ಬೇಕೋ ಅಷ್ಟು ಮುದ್ದಾಗಿ ಎಳೆಯಿರಿ.

‘ಪಾವ್‌ಪೇಯ್’: ಕೆಳಗೆ, ಆಮೇಲೆ ಮೇಲಿನಿಂದ ಬೀಳಿಕೆ. ಮೊದಲನೆಯದನ್ನೂ ಮೇಲಿನಿಂದ ಬೀಳಿಸಿದರೆ ‘ವರದಿ ಒಪ್ಪಿಸು’ ಎಂಬ ಕಚೇರಿ ಮಾತಾಗುತ್ತದೆ.

‘ವಾನ್‌ಆನ್’: ಕೆಳಗೆ, ಆಮೇಲೆ ಮೇಲೆ ಸಮನಾಗಿ. ಮೆಸೇಜ್ ಮುಗಿಯುವ ಹೊತ್ತಿಗೆ ಉಸಿರು ಕಡಿಮೆಯಾಗಿ ದನಿ ತಾನಾಗಿ ಇಳಿಯುವುದರಿಂದ ಈ ‘ಆನ್’ ಹೆಚ್ಚಿನವರಲ್ಲಿ ಬಿದ್ದುಹೋಗುತ್ತದೆ. ಅದಕ್ಕೆ ಮುಂಚೆ ಉಸಿರೆಳೆದುಕೊಳ್ಳಿ.

ಹೆಜ್ಜೆ 4: ರೆಕಾರ್ಡ್ ಮಾಡುವುದು

ಪಿಸುಗುಟ್ಟಬೇಡಿ. ಪಿಸುಮಾತಿನಲ್ಲಿ ಧ್ವನಿತಂತುಗಳು ಕಂಪಿಸುವುದೇ ಇಲ್ಲ. ಕಂಪನವಿಲ್ಲದೆ ಶ್ರುತಿಯಿಲ್ಲ, ಹಾಗಾಗಿ ಟೋನಿನ ಮುಖ್ಯ ಗುರುತೇ ಅಳಿಸಿಹೋಗುತ್ತದೆ. ಆ ಭಾಷೆಯವರು ಪಿಸುಮಾತನ್ನು ಸಂದರ್ಭದಿಂದ, ಅಕ್ಷರದ ಉದ್ದದಿಂದ ಊಹಿಸಿಕೊಳ್ಳುತ್ತಾರೆ. ಹೊಸಬರ ಉಚ್ಚಾರದಲ್ಲಿ ಊಹೆಗೆ ಅಷ್ಟು ಆಧಾರ ಸಿಗುವುದಿಲ್ಲ. ತೀರ ಮೆಲುದನಿಯೂ ಬೇಡ, ಅದರಲ್ಲಿ ಏರಿಳಿತದ ಹರವು ಕುಗ್ಗಿ ಏರಿಕೆಯೂ ಬೀಳಿಕೆಯೂ ಚಪ್ಪಟೆಯಾಗುತ್ತವೆ. ಆಪ್ತವಾಗಿ ಕೇಳಬೇಕೆಂದರೆ ಮಾಮೂಲು ದನಿಯಲ್ಲೇ ಹೇಳಿ, ಮೈಕಿಗೆ ಹತ್ತಿರ ಬನ್ನಿ. ಒಂದು ಗೇಣಿಗಿಂತ ಕಡಿಮೆ ದೂರ, ಬಾಯಿಗೆ ನೇರ ಅಲ್ಲದೆ ತುಸು ಪಕ್ಕಕ್ಕೆ ಹಿಡಿದರೆ ಉಸಿರು ಬಡಿಯುವುದಿಲ್ಲ. ನಿಧಾನವಾಗಿ ಹೇಳುವುದೂ ಪ್ರೀತಿಯಂತೆಯೇ ಕೇಳುತ್ತದೆ, ತುಣುಕುಗಳ ನಡುವೆ ಬಿಡುವು ಕೊಡುವುದೂ ಹಾಗೆಯೇ. ಇವು ಯಾವುವೂ ಶ್ರುತಿಯನ್ನು ಮುಟ್ಟುವುದಿಲ್ಲ.

ಮೊದಲು ಫೋನಿನ ರೆಕಾರ್ಡರ್ ಆ್ಯಪ್‌ನಲ್ಲಿ ಹೇಳಿ ಪರೀಕ್ಷಿಸಿಕೊಳ್ಳಿ. ಅದು ಸರಿ ಬಂದ ಮೇಲಷ್ಟೇ ಮೆಸೇಜ್ ಆ್ಯಪ್.

ಹೆಜ್ಜೆ 5: ಸರಿಯಿದೆಯೇ ಎಂದು ತಿಳಿಯುವುದು

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ‘ಅರ್ಥವಾಯಿತೇ?’ ಎಂದು ಕೇಳಿದರೆ ಗೆಳೆಯರು ‘ಆಯ್ತು, ಚೆನ್ನಾಗಿದೆ’ ಎನ್ನುತ್ತಾರೆ. ನಿಜವಾಗಿಯೂ ಅರ್ಥವಾಗಿರುತ್ತದೆ, ಏಕೆಂದರೆ ರಾತ್ರಿ ಹೊತ್ತು ಸಂಗಾತಿಗೆ ಯಾರೂ ‘ನಾನು ನಿನ್ನ ಹಾಗೇ ಇದ್ದೀನಿ’ ಎಂದು ಹೇಳುವುದಿಲ್ಲ. ಸಂದರ್ಭ ತಪ್ಪನ್ನು ಮುಚ್ಚಿಬಿಡುತ್ತದೆ. ಕೀಬೋರ್ಡಿನ ಧ್ವನಿ ಟೈಪಿಂಗ್ ಕೂಡ ಇದೇ ರೀತಿ ಮೋಸ ಮಾಡುತ್ತದೆ: ಸುತ್ತಲ ಪದಗಳನ್ನು ನೋಡಿ ಬಳಕೆಯಲ್ಲಿರುವ ವಾಕ್ಯವನ್ನೇ ಬರೆದುಕೊಡುತ್ತದೆ.

ಸಂದರ್ಭವನ್ನು ತೆಗೆದುಹಾಕಿದ ಪರೀಕ್ಷೆ ಹೀಗೆ. ಒಂದು ಚೀಟಿಯಲ್ಲಿ ‘ನೆನಪು’, ‘ಹಾಗೇ ಇರು’ ಎರಡನ್ನೂ ಅಡ್ಡಾದಿಡ್ಡಿ ಕ್ರಮದಲ್ಲಿ ಹತ್ತು ಸಲ ಬರೆದುಕೊಳ್ಳಿ. ಅದರಂತೆ ‘ವೊ ಶ್ಯಾಂಗ್ ನಿ’ ಹತ್ತು ಸಲ ರೆಕಾರ್ಡ್ ಮಾಡಿ ಗೆಳೆಯರಿಗೆ ಕೊಟ್ಟು, ಪ್ರತಿ ಸಲ ಕೇಳಿಸಿದ್ದೇನು ಎಂದು ಬರೆಯಲು ಹೇಳಿ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಐದಾರು ಮಾತ್ರ ಹೊಂದಿದರೆ ಅದು ನಾಣ್ಯ ಚಿಮ್ಮಿದಷ್ಟೇ ಸರಿ. ಒಂಬತ್ತೋ ಹತ್ತೋ ಹೊಂದಿದರೆ ಕಳಿಸಬಹುದು. ಪರೀಕ್ಷೆಗೆ ಸಂಗಾತಿಯನ್ನೇ ಕೂರಿಸಬೇಡಿ. ಅವರಿಗೆ ನಿಮ್ಮ ಉಚ್ಚಾರ ಆಗಲೇ ಅಭ್ಯಾಸವಾಗಿರುತ್ತದೆ.

ಅಂಥ ಗೆಳೆಯರಿಲ್ಲದಿದ್ದರೆ ಪ್ರಾಟ್ ಇದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೀನಿಂಕ್ ರೂಪಿಸಿದ ಉಚಿತ ತಂತ್ರಾಂಶ ಅದು, ಧ್ವನಿಶಾಸ್ತ್ರದವರು ದಿನವೂ ಬಳಸುವಂಥದ್ದು. ಕಂಪ್ಯೂಟರಿನಲ್ಲಿ ತೆರೆದು ಹೀಗೆ ಹೋಗಿ:

```
New > Record mono Sound...
Record > Stop > Save to list
View & Edit
Pitch > Show pitch
```

ತೆರೆಯ ಮೇಲೆ ನೀಲಿ ಗೆರೆಯೊಂದು ಬರುತ್ತದೆ. ಅದೇ ನಿಮ್ಮ ಶ್ರುತಿ. ಶ್ರುತಿಯ ಮಿತಿಗಳನ್ನು ಸಾಮಾನ್ಯವಾಗಿ ಗಂಡು ದನಿಗೆ 75ರಿಂದ 300 ಹರ್ಟ್ಸ್, ಹೆಣ್ಣು ದನಿಗೆ 100ರಿಂದ 500 ಹರ್ಟ್ಸ್ ಎಂದು ಹೊಂದಿಸಿದರೆ ಗೆರೆ ಸುಮ್ಮಸುಮ್ಮನೆ ಜಿಗಿಯುವುದು ಕಡಿಮೆಯಾಗುತ್ತದೆ.

ಉದಾಹರಣೆಗೆ 90ರಿಂದ 180 ಹರ್ಟ್ಸ್ ನಡುವೆ ಮಾತಾಡುವ ಗಂಡು ದನಿಯೊಂದನ್ನು ಊಹಿಸಿಕೊಳ್ಳಿ. ಸರಿಯಾದ ವಾಕ್ಯದಲ್ಲಿ ‘ವೊ’ ಸುಮಾರು 110ರಿಂದ 95ಕ್ಕೆ ಇಳಿದು, ‘ಶ್ಯಾಂಗ್’ 120ರಿಂದ 165ಕ್ಕೆ ಏರಿ, ‘ನಿ’ 90ರ ಹತ್ತಿರಕ್ಕೆ ಬಂದು, ‘ಲ’ 130ರ ಸುತ್ತ ಕೂರುತ್ತದೆ. ಏರಿಕೆಯ ತುದಿ ‘ಶ್ಯಾಂಗ್’ನ ಕೊನೆಯ ಅನುನಾಸಿಕದಲ್ಲಿ, ಕೆಲವೊಮ್ಮೆ ‘ನಿ’ ಶುರುವಾಗುವಲ್ಲಿ ಕಾಣುತ್ತದೆ, ಅದು ಸಹಜ. ತುದಿ ‘ಶ್ಯಾಂಗ್’ನ ಆರಂಭದಲ್ಲೇ ಇದ್ದು ಅಲ್ಲಿಂದ ಗೆರೆ ಇಳಿಯುತ್ತಿದ್ದರೆ ನೀವು ಹೇಳಿದ್ದು ‘ಹಾಗೇ ಇದ್ದೀನಿ’. ಅಂದರೆ ನೋಡಬೇಕಾದದ್ದು ಗುಡ್ಡ ಇದೆಯೇ ಎಂದಲ್ಲ, ಅದರ ನೆತ್ತಿ ಯಾವ ತುದಿಯಲ್ಲಿದೆ ಎಂದು. ‘ವೊ’, ‘ನಿ’ಗಳಲ್ಲಿ ಗೆರೆ ತುಂಡಾದರೆ ಅಥವಾ ಮಾಯವಾದರೆ ಗಾಬರಿ ಬೇಡ: ದನಿ ತೀರ ಕೆಳಗಿಳಿದಾಗ ಗೊರಗೊರ ಎನ್ನುತ್ತದೆ, ತಂತ್ರಾಂಶಕ್ಕೆ ಶ್ರುತಿ ಸಿಗುವುದಿಲ್ಲ. ಮೂರನೇ ಟೋನಿನಲ್ಲಿ ಆ ಭಾಷೆಯವರದ್ದೂ ಹೀಗೆಯೇ ಕಾಣುತ್ತದೆ, ಅದು ಒಳ್ಳೆಯ ಲಕ್ಷಣವೇ.

ಹೆಜ್ಜೆ 6: ಕಳಿಸುವುದು

ವೀಚಾಟ್‌ನಲ್ಲಿ ಬಟನ್ ಒತ್ತಿ ಹಿಡಿದು ಮಾತಾಡಬೇಕು, ಬೆರಳು ತೆಗೆದ ಕೂಡಲೇ ಮೆಸೇಜ್ ಹೋಗಿಬಿಡುತ್ತದೆ, ಮಿತಿ 60 ಸೆಕೆಂಡ್. ಒತ್ತಿದ ತಕ್ಷಣ ಬಾಯಿ ತೆರೆದರೆ ಮೊದಲ ಅಕ್ಷರ ಅರ್ಧ ಕತ್ತರಿಸಿಹೋಗುತ್ತದೆ. ಕೆಳಗಿರಬೇಕಾದ ‘ಪಾವ್’ ಕಳೆದು ಬೀಳುವ ‘ಪೇಯ್’ ಮಾತ್ರ ಉಳಿಯುತ್ತದೆ. ಒತ್ತಿ, ಒಂದು ಕ್ಷಣ ಸುಮ್ಮನಿದ್ದು ಶುರು ಮಾಡಿ. ‘ಓ’, ‘ಆನ್’ ಮುಗಿದ ಮೇಲೂ ಅಷ್ಟೇ ಹೊತ್ತು ಬೆರಳು ಇರಲಿ. ಹಾದಿಯಲ್ಲೇ ತಪ್ಪಿದ್ದು ಗೊತ್ತಾದರೆ ಬೆರಳನ್ನು ಮೇಲಕ್ಕೆ ಸರಿಸಿ ರದ್ದು ಮಾಡಬಹುದು, ಕಳಿಸಿದ ಮೇಲೆ ಹಿಂಪಡೆಯಲು ಎರಡು ನಿಮಿಷವಿರುತ್ತದೆ. ವಾಟ್ಸ್‌ಆ್ಯಪ್ ಆದರೆ ಬಟನ್ನನ್ನು ಮೇಲಕ್ಕೆ ಸರಿಸಿ ಲಾಕ್ ಮಾಡಿ, ರೆಕಾರ್ಡಿಂಗ್ ನಿಲ್ಲಿಸಿ, ಕೇಳಿ ನೋಡಿಯೇ ಕಳಿಸಬಹುದು. ಈ ಕೆಲಸಕ್ಕೆ ನನಗೆ ಅದೇ ವಾಸಿ ಅನ್ನಿಸುತ್ತದೆ.

ಜೊತೆಗೆ ಅದೇ ಮಾತನ್ನು ಟೈಪ್ ಮಾಡಿ ಕಳಿಸಬೇಕೇ? ಮೊದಲ ಸಲ ಬೇಡ. ಬರಹ ಕಣ್ಣ ಮುಂದಿದ್ದರೆ ಅವರು ಕೇಳುವುದಿಲ್ಲ, ಓದುತ್ತಾರೆ. ನಿಮ್ಮ ದನಿಯೊಂದೇ ಹೋಗಲಿ. ‘ಯಾರು ಬೇಗ ಮಲಗಬೇಕು?’ ಎಂದು ಮರುಮೆಸೇಜ್ ಬಂದರೆ ಷ್ವೇಯ್ ಮೇಲೇರಿದೆ ಎಂದು ತಿಳಿಯಿರಿ, ಮುಂದಿನ ಸಲ ಆ ಒಂದು ಅಕ್ಷರವನ್ನಷ್ಟೇ ಸರಿಪಡಿಸಿ ಉಳಿದದ್ದನ್ನು ಹಾಗೇ ಬಿಡಿ.